ಹಾಲ್ ಗೋಡೆಯ ಬಣ್ಣದ ಬಗ್ಗೆ

ನಮಸ್ಕಾರ ಮೇಡಂ,

ಹಾಲ್‌ನ ಬೂದು-ಹಸಿರು ಬಣ್ಣ ಬೆಳಿಗ್ಗೆ ತಿಳಿಯಾಗಿದ್ದು ರಾತ್ರಿ ಹಳದಿಗೆ ತಿರುಗಿದಂತೆ ಕಾಣುತ್ತದೆ ಅಂದಿರಲ್ಲ, ಪೇಂಟ್‌ನಲ್ಲಿ ದೋಷವಿಲ್ಲ. ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಇರುವ ಬಣ್ಣಗಳನ್ನಷ್ಟೇ ಹಿಂದಿರುಗಿಸಬಲ್ಲದು. ನಿಮ್ಮ ಕಿಟಕಿ ಪೂರ್ವಕ್ಕಿದೆ: ಬೆಳಿಗ್ಗೆ ನೇರ ಬಿಸಿಲು, ಮಧ್ಯಾಹ್ನದ ಮೇಲೆ ಆಕಾಶದ ನೀಲಿ ಛಾಯೆಯ ಬೆಳಕು. ಸಂಜೆ ಹಾಕುವ 2700 ಕೆಲ್ವಿನ್ ಬಲ್ಬ್‌ಗಳಲ್ಲಿ ನೀಲಿ ಕಡಿಮೆ, ಹಳದಿ-ಕೆಂಪು ಹೆಚ್ಚು. ಜೊತೆಗೆ ನಿಮ್ಮ ರೆಡ್ ಆಕ್ಸೈಡ್ ನೆಲದ ಕೆಂಪೂ ಗೋಡೆಯ ಕೆಳಭಾಗಕ್ಕೆ ಚಿಮ್ಮುತ್ತದೆ. (ಆ ನೆಲ ಮಾತ್ರ ದಯವಿಟ್ಟು ತೆಗೆಸಬೇಡಿ, ಅಷ್ಟು ಚೆನ್ನಾಗಿದೆ.)

ಮತ್ತೆ ಬಣ್ಣ ಹೊಡೆಸುವ ಮುಂಚೆ ಬಲ್ಬ್ ಬದಲಿಸಿ ನೋಡೋಣ. ಬೆಳಕು ಇನ್ನಷ್ಟು ಬಿಳಿಯಾಗಿರುವ 4000 ಕೆಲ್ವಿನ್, ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಳತೆಯಾದ ಸಿಆರ್‌ಐ 90ಕ್ಕಿಂತ ಹೆಚ್ಚಿರುವಂಥವು. ಶನಿವಾರ ಸಂಜೆ ಏಳಕ್ಕೆ ತರುತ್ತೇನೆ, ಯಜಮಾನರೂ ಇದ್ದರೆ ಒಳ್ಳೆಯದು.