ಹ್ಯಾಂಬರ್ಗ್‌ನ ಕಾಫಿ ಆಮದುದಾರರಿಗೆ ಮೂಡಿಗೆರೆಯಿಂದ ಒಂದು ಪರಿಚಯ ಪತ್ರ

ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ
16 ಏಪ್ರಿಲ್ 2025

ವೀಣಾ ಮೇಡಂ ಅವರಿಗೆ ನಮಸ್ಕಾರ.

ನಮ್ಮಿಂದ ಕಾಫಿ ಕೊಳ್ಳುವ ಬೆಂಗಳೂರಿನ ರೋಸ್ಟರ್ ಒಬ್ಬರು ನಿಮ್ಮ ವಿಳಾಸ ಕೊಟ್ಟರು. ನೀವು ಹಾಸನದ ಕಡೆಯವರು, ಹ್ಯಾಂಬರ್ಗ್‌ನಲ್ಲಿ ಸಣ್ಣ ರೋಸ್ಟರ್‌ಗಳಿಗೆ ಹಸಿ ಕಾಫಿಬೀಜ ತರಿಸಿಕೊಡುತ್ತೀರಿ ಅಂತ ಅವರೇ ಹೇಳಿದ್ದು. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕಾಗದಪತ್ರ, ಇನ್‌ವಾಯ್ಸ್ ಎಲ್ಲ ಇಂಗ್ಲಿಷಿನಲ್ಲೇ ಇರುತ್ತವೆ.

ನಮ್ಮದು ದೊಡ್ಡ ಕಂಪನಿ ಅಲ್ಲ. ನಾನು, ನನ್ನ ತಮ್ಮ, ಆಫೀಸಿನಲ್ಲಿ ಮೂವರು. ಸುತ್ತಮುತ್ತಲಿನ ಸುಮಾರು 40 ಬೆಳೆಗಾರರಿಂದ ಕಾಫಿ ಕೊಳ್ಳುತ್ತೇವೆ. ಹೆಚ್ಚಿನವರದು ಹತ್ತು ಎಕರೆಯೊಳಗಿನ ತೋಟ. 2016ರಿಂದ ರಫ್ತು ಮಾಡುತ್ತಿದ್ದೇವೆ. ಈಗ ವರ್ಷಕ್ಕೆ ನಾಲ್ಕೈದು ಕಂಟೇನರ್ ಹೋಗುತ್ತದೆ, ಅದಕ್ಕಿಂತ ಜಾಸ್ತಿ ನಮ್ಮ ಕೈಲಿ ಆಗುವುದಿಲ್ಲ. ತಿಂಗಳಿಗೊಂದು ಕಂಟೇನರ್ ಬೇಕು ಅನ್ನುವವರಿಗೆ ನಾವು ಸರಿಯಾದ ಜಾಗ ಅಲ್ಲ.

ನಮ್ಮಲ್ಲಿ ಸಿಗುವುದು ಅರೇಬಿಕಾ ಪ್ಲಾಂಟೇಷನ್ ಎ, ಪೀಬೆರಿ, ಮತ್ತೆ ರೋಬಸ್ಟಾ ಪಾರ್ಚ್‌ಮೆಂಟ್ ಎಬಿ. ಅರೇಬಿಕಾದಲ್ಲಿ ಎಸ್.795 ಮತ್ತು ಚಂದ್ರಗಿರಿ ಎರಡೂ ಇವೆ. ಕೆಲವು ತೋಟಗಳಲ್ಲಿ ಎರಡನ್ನೂ ಒಟ್ಟಿಗೇ ಕೊಯ್ಯುತ್ತಾರೆ. ಅಂಥ ಲಾಟನ್ನು ಒಂದೇ ತಳಿ ಅಂತ ನಾವು ಮಾರುವುದಿಲ್ಲ. ಸಾವಯವ ಸರ್ಟಿಫಿಕೇಟ್ ನಮ್ಮ ಹತ್ತಿರ ಇಲ್ಲ. ತೋಟಗಳೆಲ್ಲ ಮರದ ನೆರಳಿನವು, ಮೆಣಸಿನ ಬಳ್ಳಿಯೂ ಹಬ್ಬಿದೆ. ಆದರೆ ಬೇಕಾದಾಗ ಗೊಬ್ಬರ ಹಾಕುತ್ತಾರೆ, ಔಷಧಿ ಹೊಡೆಯುತ್ತಾರೆ. ಅದಕ್ಕೇ ಯುರೋಪಿಗೆ ಹೋಗುವ ಪ್ರತಿ ಲಾಟನ್ನೂ ಔಷಧಿ ಉಳಿಕೆಗೂ ಓಕ್ರಾಟಾಕ್ಸಿನ್‌ಗೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ರಿಪೋರ್ಟ್ ಮೊದಲೇ ಕಳಿಸುತ್ತೇವೆ.

ಮೇಡಂ, ನಾವು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಒಣಗಿಸುವ ವಿಷಯದಲ್ಲಿ. ಕೊಯ್ಲಿನ ಕಾಲದಲ್ಲೇ ಮಳೆ ಬೀಳುವುದು ಈಗ ಅಪರೂಪವಲ್ಲ. ನನ್ನ ತಮ್ಮ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣದಿಂದ ಕಣಕ್ಕೆ ಓಡಾಡುತ್ತಲೇ ಇರುತ್ತಾನೆ. ಪಾರ್ಚ್‌ಮೆಂಟನ್ನು ತೆಳ್ಳಗೆ ಹರವಿದ್ದಾರಾ, ಗಂಟೆಗೊಮ್ಮೆ ಕೆದಕುತ್ತಿದ್ದಾರಾ, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಿದ್ದಾರಾ ಅಂತ ನೋಡುತ್ತಾನೆ. ಹಳಬರು ಬೀಜವನ್ನು ಹಲ್ಲಲ್ಲಿ ಕಚ್ಚಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಅವರ ಮಾತು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೂ ನಾವು ಚೀಲ ಚೀಲಕ್ಕೂ ಮೀಟರ್ ಇಟ್ಟು ನೋಡುತ್ತೇವೆ. ತೇವಾಂಶ ಶೇಕಡಾ 10ಕ್ಕೆ ಇಳಿಯದ ಪಾರ್ಚ್‌ಮೆಂಟ್ ಮತ್ತೆ ಕಣಕ್ಕೇ ಹೋಗುತ್ತದೆ. ಇದಕ್ಕೆ ಕೆಲವು ಬೆಳೆಗಾರರು ಬೇಜಾರು ಮಾಡಿಕೊಳ್ಳುವುದೂ ಉಂಟು. ಒಣಗಿದ ಕಾಫಿಗೆ ಕೆಜಿಗೆ ಇಷ್ಟು ಅಂತ ಹೆಚ್ಚು ಕೊಡುವುದರಿಂದ ನಮ್ಮನ್ನು ಬಿಟ್ಟು ಹೋಗಿಲ್ಲ.

ಕ್ಯೂರಿಂಗ್ ವರ್ಕ್ಸ್ ನಮ್ಮ ಸ್ವಂತದ್ದಲ್ಲ. ಹಾಸನದಲ್ಲಿ ಕೂಲಿ ಕೊಟ್ಟು ಮಾಡಿಸುತ್ತೇವೆ. ಗ್ರೇಡಿಂಗ್ ನಡೆಯುವಾಗ ನಮ್ಮವರೊಬ್ಬರು ಅಲ್ಲೇ ಇರುತ್ತಾರೆ. ಲೋಡಿಂಗ್ ಕೂಡ ಅಲ್ಲೇ. ಕಂಟೇನರ್ ಶಿರಾಡಿ ಘಾಟಿ ಇಳಿದು ನವಮಂಗಳೂರು ಬಂದರಿಗೆ ಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಹಾಗಾಗಿ ಆ ಎರಡು ತಿಂಗಳು ಖಚಿತ ದಿನಾಂಕ ಹೇಳುವುದಿಲ್ಲ. ಜೂನ್ ಒಳಗೆ ಕಳಿಸುವುದು ಇಬ್ಬರಿಗೂ ಒಳ್ಳೆಯದು.

ಯುರೋಪಿನ ಅರಣ್ಯನಾಶ ಕಾನೂನಿನ ಬಗ್ಗೆ ನೀವು ಕೇಳೇ ಕೇಳುತ್ತೀರಿ. ನಮ್ಮ ಬೆಳೆಗಾರರೆಲ್ಲರ ತೋಟದ ಜಿಪಿಎಸ್ ಗುರುತು ತೆಗೆದಿಟ್ಟಿದ್ದೇವೆ. 4 ಹೆಕ್ಟೇರ್‌ಗಿಂತ ದೊಡ್ಡ ತೋಟಗಳಿಗೆ ಗಡಿ ಪೂರ್ತಿ ಅಳತೆ ಮಾಡಿಸಿದ್ದೇವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದಿಂದ ನಾವು ಕಾಫಿ ಕೊಳ್ಳುತ್ತಿಲ್ಲ. ಇಬ್ಬರು ಬೆಳೆಗಾರರ ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲೇ ಇದೆ. ಖಾತೆ ಬದಲಾಗುವವರೆಗೆ ಅವರ ಕಾಫಿ ಯುರೋಪಿಗೆ ಹೋಗುವ ಲಾಟಿಗೆ ಸೇರುವುದಿಲ್ಲ.

ಕಾಫಿ ಮಂಡಳಿಯ ನೋಂದಣಿ, ಐಇಸಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಪ್ರತಿಗಳನ್ನು ಈ ಮೇಲ್ ಜೊತೆ ಇಟ್ಟಿದ್ದೇನೆ. ಇಟಲಿಯ ಆಮದುದಾರರೊಬ್ಬರು 2019ರಿಂದ ಪ್ರತಿ ವರ್ಷ ನಮ್ಮಿಂದ ರೋಬಸ್ಟಾ ತರಿಸುತ್ತಿದ್ದಾರೆ. ನಿಮ್ಮ ಜೊತೆ ಮಾತಾಡಲು ಅವರು ಒಪ್ಪಿದ್ದಾರೆ. ನಾನಿಲ್ಲದೆ ನೀವೇ ನೇರವಾಗಿ ವಿಚಾರಿಸಿ. ಹಾಗೆ ಕೇಳಿದರೇ ಚೆನ್ನ, ಅಲ್ವಾ?

ದರದ ಲೆಕ್ಕ ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್ ಮಾರುಕಟ್ಟೆ ಹಿಡಿದು, ಎಫ್‌ಒಬಿ ಮಂಗಳೂರು. ಮೊದಲ ವ್ಯವಹಾರಕ್ಕೆ ಬ್ಯಾಂಕ್ ಮೂಲಕ ದಾಖಲೆ ಕೊಟ್ಟು ಹಣ ಪಡೆಯುವ ಕ್ರಮ ಸಾಕು, ಮುಂಗಡ ಕೇಳುವುದಿಲ್ಲ. ಪೂರ್ತಿ ಕಂಟೇನರ್ ಅಂದರೆ 60 ಕೆಜಿಯ 320 ಚೀಲ, ಮೊದಲ ಸಲಕ್ಕೆ ಅದು ಭಾರವೇ. ಎರಡು ಮೂರು ಗ್ರೇಡ್ ಸೇರಿಸಿ ಒಂದೇ ಕಂಟೇನರ್ ತುಂಬಿಸಬಹುದು. ಲೋಡ್ ಮಾಡುವ ಮುಂಚೆ ತೆಗೆದ ಸ್ಯಾಂಪಲನ್ನು ಮೂರು ಪಾಲು ಮಾಡಿ ಸೀಲ್ ಹಾಕುತ್ತೇವೆ. ಒಂದು ನಿಮಗೆ, ಒಂದು ಲ್ಯಾಬಿಗೆ, ಇನ್ನೊಂದು ನಮ್ಮಲ್ಲಿ. ಬಂದ ಮಾಲು ನಿಮಗೆ ಬಂದ ಸ್ಯಾಂಪಲ್‌ಗೆ ಹೊಂದದಿದ್ದರೆ ನಮ್ಮ ಪಾಲನ್ನು ನೀವು ಹೇಳಿದ ಲ್ಯಾಬಿಗೇ ಕಳಿಸುತ್ತೇವೆ. ಅವರ ತೀರ್ಮಾನಕ್ಕೆ ನಾವು ಬದ್ಧ.

ಈ ಸಲದ ಪ್ಲಾಂಟೇಷನ್ ಎ ಮತ್ತು ರೋಬಸ್ಟಾ ಪಾರ್ಚ್‌ಮೆಂಟ್ ತಲಾ 300 ಗ್ರಾಂ ಸ್ಯಾಂಪಲ್ ಸಿದ್ಧವಾಗಿದೆ. ಕೊರಿಯರ್ ಖರ್ಚು ನಮ್ಮದು. ಯಾವ ವಿಳಾಸಕ್ಕೆ ಕಳಿಸಲಿ ಅಂತ ಒಂದು ಸಾಲು ಬರೆಯಿರಿ. ಹುರಿದು, ಕಪ್ ಮಾಡಿ ನೋಡಿದ ಮೇಲೆ ಹಿಡಿಸದಿದ್ದರೂ ಏನು ಹಿಡಿಸಲಿಲ್ಲ ಅಂತ ತಿಳಿಸಿ. ಬೆಳೆಗಾರರಿಗೆ ಹೇಳಲು ನಮಗೆ ಅದು ಬೇಕು.

ಇಂತಿ ನಿಮ್ಮ ವಿಶ್ವಾಸಿ,
ಮಂಜುನಾಥ ಗೌಡ
ಪಾಲುದಾರ, ಬಿಳಿಕಲ್ಲು ಕಾಫಿ ಎಕ್ಸ್‌ಪೋರ್ಟ್ಸ್, ಮೂಡಿಗೆರೆ