ಮೊದಲು ಊಟ, ಡಬ್ಬದ ಮಾತು ಆಮೇಲೆ

ಎಲ್ಲರೂ ನೆರಳಿಗೆ ಬನ್ನಿ. ಶೂ ಬಿಚ್ಚುತ್ತಲೇ ಕೇಳಬಹುದು, ನೀರು ಕುಡಿಯುತ್ತಲೇ ಕೇಳಬಹುದು. ಪ್ರಾರ್ಥನೆಯ ಗಂಟೆ ಹೊಡೆಯುವುದರೊಳಗೆ ತಿಂಡಿ ಮುಗಿಸಬೇಕು, ಆದ್ದರಿಂದ ಹೆಚ್ಚು ಹೊತ್ತು ಕೂರಿಸುವುದಿಲ್ಲ.

ಈ ವಾರ ನಿಮ್ಮಲ್ಲಿ ಮೂವರು ಬೇರೆಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದಿರಿ: "ಸರ್, ಯಾವ ಪ್ರೋಟೀನ್ ಪೌಡರ್ ಒಳ್ಳೆಯದು?" ಒಬ್ಬನ ಮೊಬೈಲಿನಲ್ಲಿ ಡಬ್ಬದ ಚಿತ್ರವೂ ಇತ್ತು, ಬೆಲೆಯೂ ಇತ್ತು. ಎರಡು ಕಿಲೋಗೆ ಐದೂವರೆ ಸಾವಿರ ರೂಪಾಯಿ. ಕೇಳಿದ್ದು ತಪ್ಪಲ್ಲ. ಕೇಳದೆ ತಂದು ಬ್ಯಾಗಿನಲ್ಲಿ ಇಟ್ಟುಕೊಳ್ಳುವವರಿಗಿಂತ ಕೇಳುವವರು ಎಷ್ಟೋ ವಾಸಿ. ಆದರೆ ಮೂವರಿಗೂ ನಾನು ತಿರುಗಿ ಕೇಳಿದ್ದು ಒಂದೇ: "ಇವತ್ತು ಬೆಳಿಗ್ಗೆ ಏನು ತಿಂದು ಬಂದೆ?" ಒಬ್ಬ ಕಾಫಿ ಎಂದ. ಇನ್ನೊಬ್ಬ ಎರಡು ಬಿಸ್ಕತ್ತು ಎಂದ. ಮೂರನೆಯವಳು ಸುಮ್ಮನೆ ನಕ್ಕಳು.

ಲೆಕ್ಕ ಹಾಕೋಣ. ರಾತ್ರಿ ಎಂಟೂವರೆಗೆ ಊಟ. ಬೆಳಿಗ್ಗೆ ಆರಕ್ಕೆ ಬರಿಹೊಟ್ಟೆಯಲ್ಲಿ ಮೈದಾನ. ಅಭ್ಯಾಸ ಮುಗಿಸಿ ಮುಖ ತೊಳೆದು, ಸಮವಸ್ತ್ರ ಹಾಕಿಕೊಂಡು ತರಗತಿಗೆ ಓಟ. ತಿಂಡಿಗೆ ಹೊತ್ತಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಊಟ. ಅಂದರೆ ನಿಮ್ಮಲ್ಲಿ ಕೆಲವರು ದಿನಾ 16 ಗಂಟೆ ಉಪವಾಸವಿದ್ದು, ಅದರ ನಡುವೆಯೇ 400 ಮೀಟರ್‌ನ ಆರು ಸುತ್ತು ಓಡುತ್ತಿದ್ದೀರಿ. ಏಕಾದಶಿ ಮಾಡುವವರೂ ಅಷ್ಟು ದಂಡಿಸಿಕೊಳ್ಳುವುದಿಲ್ಲ.

ಓಡುವಾಗ ಸ್ನಾಯುಗಳಿಗೆ ಮುಖ್ಯವಾಗಿ ಬೇಕಾದದ್ದು ಅನ್ನ, ರಾಗಿ, ಚಪಾತಿ, ಬಾಳೆಹಣ್ಣುಗಳಿಂದ ಬರುವ ಶಕ್ತಿ. ಅದು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುತ್ತದೆ. ರಾತ್ರಿ ಮಲಗಿದ್ದಾಗಲೂ ಮೆದುಳು ಯಕೃತ್ತಿನ ಸಂಗ್ರಹವನ್ನು ಖರ್ಚು ಮಾಡುತ್ತಲೇ ಇರುತ್ತದೆ, ಬೆಳಿಗ್ಗೆ ಅದು ತಳ ಕಂಡಿರುತ್ತದೆ. ಒಟ್ಟು ಆಹಾರವೇ ಸಾಲದಿದ್ದರೆ ದೇಹ ಪ್ರೋಟೀನನ್ನೂ ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ. ಒಲೆಗೆ ಸೌದೆಯಿಲ್ಲವೆಂದು ಮನೆಯ ಬಾಗಿಲನ್ನೇ ಕಿತ್ತು ಉರಿಸಿದ ಹಾಗೆ. ಅರೆಹೊಟ್ಟೆಯಲ್ಲಿರುವವನು ಐದೂವರೆ ಸಾವಿರದ ಪುಡಿ ಕುಡಿದರೆ, ಅದರ ಒಂದು ಪಾಲು ಸ್ನಾಯು ಕಟ್ಟುವುದಕ್ಕಲ್ಲ, ಆ ಒಲೆಗೇ ಹೋಗುತ್ತದೆ. ಒಂದು ಬಾಳೆಹಣ್ಣು ಮಾಡಬಹುದಾದ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ?

ಹಾಗಾದರೆ ಪ್ರೋಟೀನ್ ಬೇಡವೇ? ಬೇಕು, ಧಾರಾಳವಾಗಿ ಬೇಕು. ನಿಮ್ಮಂತೆ ನಿತ್ಯ ಅಭ್ಯಾಸ ಮಾಡುವವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. 50 ಕಿಲೋ ಇರುವವರಿಗೆ 60ರಿಂದ 80 ಗ್ರಾಂ. ಅಯ್ಯೋ ಅಷ್ಟೊಂದೇ ಎನ್ನಬೇಡಿ, ಮನೆಯ ಅಡುಗೆಯಲ್ಲೇ ಹುಡುಕೋಣ. ಎರಡು ಮೊಟ್ಟೆ, 12 ಗ್ರಾಂ. ಎರಡು ಲೋಟ ಹಾಲು, 12ರಿಂದ 13. ದಿನವಿಡೀ ತಿನ್ನುವ ಅನ್ನ, ಮುದ್ದೆ, ಚಪಾತಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅವುಗಳಿಂದಲೇ 20 ಗ್ರಾಂ ದಾಟುತ್ತದೆ. ಹುಳಿಯ ತೊಗರಿಬೇಳೆಯೋ ಹುರುಳಿಕಾಳಿನ ಬಸ್ಸಾರೋ, ಒಣಕಾಳು 50 ಗ್ರಾಂ ಇದ್ದರೆ 11 ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜ, 7. ಒಂದು ಬಟ್ಟಲು ಮೊಸರು, ನಾಲ್ಕೋ ಐದೋ. ಕೂಡಿ ನೋಡಿ, 65 ದಾಟಿತು. ಡಬ್ಬ ಇನ್ನೂ ತೆರೆದೇ ಇಲ್ಲ.

ಮೊಟ್ಟೆ ತಿನ್ನದ ಮನೆಯವರು ಕೈ ಎತ್ತುವ ಮೊದಲೇ ಹೇಳುತ್ತೇನೆ. ಒಣಗಿದ ಸೋಯಾ ತುಂಡು 25 ಗ್ರಾಂ ತೂಗಿ ನೆನೆಸಿ ಪಲ್ಯಕ್ಕೆ ಹಾಕಿದರೆ ಎರಡು ಮೊಟ್ಟೆಗೆ ಸಮ. ಹುರಿಗಡಲೆ 50 ಗ್ರಾಂ ಜೇಬಿನಲ್ಲಿ ಹಾಕಿಕೊಂಡು ಬಂದರೆ ಸುಮಾರು 10 ಗ್ರಾಂ. ಹೆಸರುಬೇಳೆ ಕೋಸಂಬರಿಯನ್ನು ರಾಮನವಮಿಯ ದಿನವೇ ತಿನ್ನಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಕಡಲೆಕಾಯಿಯಂತೂ, ಪರಿಷೆ ನಡೆಯುವ ಬಸವನಗುಡಿಯಲ್ಲಿ ಇದ್ದುಕೊಂಡು ಹೊರದೇಶದ ಪೀನಟ್ ಬಟರ್ ಹುಡುಕುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಡಬ್ಬದಲ್ಲಿರುವುದು ವಿಷ ಎಂದು ನಾನು ಹೇಳುತ್ತಿಲ್ಲ. ವೇ ಪ್ರೋಟೀನ್ ಎಂದರೆ ಚೀಸ್ ಮಾಡುವಾಗ ಹಾಲು ಒಡೆದು ಉಳಿಯುವ ನೀರಿನಿಂದ ತೆಗೆದು ಒಣಗಿಸಿದ ಪುಡಿ. ಹಾಲಿನದೇ ಭಾಗ. ಒಂದು ಚಮಚೆಯಲ್ಲಿ, ಅಂದರೆ 30 ಗ್ರಾಂ ಪುಡಿಯಲ್ಲಿ, ಸುಮಾರು 24 ಗ್ರಾಂ ಪ್ರೋಟೀನ್. ನಾಲ್ಕು ಮೊಟ್ಟೆಯಲ್ಲಿ ಇರುವಷ್ಟು. ಆ ಹುಡುಗ ತೋರಿಸಿದ ಬೆಲೆಗೆ ಒಂದು ಚಮಚೆ 80 ರೂಪಾಯಿ ಮೀರುತ್ತದೆ. ನಾಲ್ಕು ಮೊಟ್ಟೆಗೆ ನಮ್ಮ ಬೀದಿಯ ಅಂಗಡಿಯಲ್ಲಿ ಎಷ್ಟೆಂದು ನಿಮಗೇ ಗೊತ್ತು. ಮೊಟ್ಟೆಯ ಜೊತೆ ಬರುವ ವಿಟಮಿನ್, ಕೊಬ್ಬು, ಕಬ್ಬಿಣಾಂಶ ಬೇರೆ.

ನಿಮ್ಮ ವಯಸ್ಸಿನಲ್ಲಿ ಇನ್ನೊಂದು ಕೆಲಸ ನಡೆಯುತ್ತಿದೆ, ಅದು ಕನ್ನಡಿಯಲ್ಲಿ ಕಾಣುವುದಿಲ್ಲ. ಜೀವಮಾನಕ್ಕೆ ಬೇಕಾದ ಎಲುಬಿನ ಬಲದ ಬಹುಪಾಲು 18 ತುಂಬುವುದರೊಳಗೆ ಕೂಡಿಕೊಳ್ಳುತ್ತದೆ. ಅದಕ್ಕೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ 350 ಮಿಲಿಗ್ರಾಂನಷ್ಟು ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಮುದ್ದೆ ಹಳ್ಳಿಯವರ ಊಟ ಎಂದು ಕಳೆದ ವಾರ ಯಾರೋ ಹಿಂದೆ ಕುಳಿತು ಗೇಲಿ ಮಾಡಿದ್ದು ನನ್ನ ಕಿವಿಗೆ ಬಿದ್ದಿದೆ. ಮುಂದಿನ ಬಾರಿ ಅಂಥವರಿಗೆ ಮೈದಾನದ ಎರಡು ಸುತ್ತು ಹೆಚ್ಚುವರಿ.

ಹುಡುಗಿಯರೇ, ಇದು ನಿಮಗೆ. ಹುಡುಗರೂ ಕೇಳಿಸಿಕೊಳ್ಳಿ, ಮುಜುಗರ ಪಡುವಂಥದ್ದೇನೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೊನೆಯ ಸುತ್ತಿನಲ್ಲಿ ಕಾಲು ಏಳದಿರುವುದು, ಇವೆಲ್ಲ ಸೋಮಾರಿತನ ಇರಲಿಕ್ಕಿಲ್ಲ, ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇರಬಹುದು. ಸೊಪ್ಪು, ಕಾಳು, ತಿನ್ನುವವರಾದರೆ ಮಾಂಸ, ಸಾರಿಗೆ ನಿಂಬೆರಸ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ತಡೆಯಿರಿ. ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬೇಡಿ, ಊಟವಾದ ಮೇಲೆ ನುಂಗಿ. ಅದೂ ಒಂದು ಸಪ್ಲಿಮೆಂಟೇ. ಕೊರತೆ ಇರುವುದು ಗೊತ್ತಿದೆ, ಪ್ರಮಾಣ ತಿಳಿದವರು ನಿಗದಿ ಮಾಡಿದ್ದಾರೆ, ಆದ್ದರಿಂದ ಅದಕ್ಕೆ ನನ್ನ ತಕರಾರಿಲ್ಲ. ಇನ್ನೊಂದು ಮಾತು: ಮುಟ್ಟು ಎರಡು ಮೂರು ತಿಂಗಳು ನಿಂತರೆ ಒಳ್ಳೆಯದಾಯಿತು, ಅಭ್ಯಾಸಕ್ಕೆ ಅನುಕೂಲವಾಯಿತು ಎಂದುಕೊಳ್ಳಬೇಡಿ. ದೇಹಕ್ಕೆ ಊಟ ಸಾಲುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ನನಗೆ ಹೇಳಲು ಸಂಕೋಚವಾದರೆ ನಮ್ಮ ಮೇಡಂಗೆ ಹೇಳಿ, ಅಮ್ಮನಿಗೆ ಹೇಳಿ, ವೈದ್ಯರಲ್ಲಿಗೆ ಹೋಗಿ.

ಕಬಡ್ಡಿಯವರು ತೂಕ ಇಳಿಸಲೆಂದು ನೀರು ಬಿಡುವುದನ್ನು ಇವತ್ತಿಗೇ ನಿಲ್ಲಿಸಿ. ಅದರ ಬಗ್ಗೆ ಚರ್ಚೆಯೇ ಇಲ್ಲ.

ಈಗ ಉಳಿದ ಡಬ್ಬಗಳು. ಕ್ರಿಯಾಟಿನ್ ದೊಡ್ಡವರಲ್ಲಿ ಕೆಲಸ ಮಾಡುತ್ತದೆ, ಅದರ ಮೇಲೆ ಬೇಕಾದಷ್ಟು ಸಂಶೋಧನೆ ಆಗಿದೆ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 18ರೊಳಗಿನವರಿಗೆ ಅದು ಬೇಡ ಎನ್ನುತ್ತದೆ. ಅಭ್ಯಾಸಕ್ಕೆ ಮೊದಲು ಕುಡಿಯುವ ಬಣ್ಣದ ಪುಡಿಗಳಲ್ಲಿ ಬಹುತೇಕ ಇರುವುದು ಕೆಫೀನ್, ಅಂದರೆ ದುಬಾರಿ ಕಾಫಿ. ಎನರ್ಜಿ ಡ್ರಿಂಕ್ ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿ, ಮಕ್ಕಳಿಗೆ ಸೂಕ್ತವಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ತಯಾರಿಸುವವರೇ ಬೇಡ ಎಂದ ಮೇಲೆ ನಾನು ಇನ್ನೇನು ಹೇಳಲಿ? ಒಂದು ಗಂಟೆಯ ಅಭ್ಯಾಸಕ್ಕೆ ನೀರು ಸಾಕು. ಬಿಸಿಲಿನಲ್ಲಿ ಹೆಚ್ಚು ಹೊತ್ತಾದರೆ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ.

ಮುಂದೆ ದೊಡ್ಡ ಮಟ್ಟದಲ್ಲಿ ಓಡಬೇಕೆಂದಿರುವವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಉದ್ದೀಪನ ಮದ್ದಿನ ನಿಯಮದಲ್ಲಿ "ನನಗೆ ಗೊತ್ತಿರಲಿಲ್ಲ" ಎಂದರೆ ಬಿಡುಗಡೆ ಇಲ್ಲ. ದೇಹದಲ್ಲಿ ಏನು ಸಿಕ್ಕಿದರೂ ಅದಕ್ಕೆ ಆಟಗಾರನೇ ಹೊಣೆ. ಲೇಬಲ್ಲಿನಲ್ಲಿ ಇಲ್ಲದ ಸ್ಟೀರಾಯ್ಡ್, ಉತ್ತೇಜಕಗಳು ಪುಡಿಗಳಲ್ಲಿ ಬೆರೆತಿದ್ದ ಪ್ರಕರಣಗಳು ಜಗತ್ತಿನಲ್ಲಿ ಎಷ್ಟೋ ಇವೆ. ಖೇಲೋ ಇಂಡಿಯಾದಂಥ ಕೂಟಗಳಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅದೇ ನಾಡಾ, ನಿಮ್ಮ ವಯಸ್ಸಿನವರ ಮಾದರಿಯನ್ನೂ ತೆಗೆದುಕೊಳ್ಳಬಹುದು. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇದ್ದರೆ ತಯಾರಕರಿಗೆ ಪರವಾನಗಿ ಇದೆ ಎಂದರ್ಥ. ಒಳಗೆ ನಿಷೇಧಿತ ವಸ್ತು ಇಲ್ಲವೆಂದು ಪರೀಕ್ಷಿಸಿದ್ದಾರೆ ಎಂದಲ್ಲ. ಜಿಮ್ಮಿನ ಅಣ್ಣ ಒಳ್ಳೆಯವರೇ ಇರಬಹುದು, ಆದರೆ ಹೆಸರಿಲ್ಲದ ಪೊಟ್ಟಣದಲ್ಲಿ ಪುಡಿ ಕಟ್ಟಿಕೊಟ್ಟರೆ ಕೈ ಮುಗಿದು ವಾಪಸು ಕೊಡಿ.

ಯಾವಾಗ ಸರ್ ಹಾಗಾದರೆ, ಎನ್ನುತ್ತೀರಿ. 18 ತುಂಬಲಿ. ಒಂದು ವರ್ಷ ತಪ್ಪದೆ ಮೂರು ಹೊತ್ತು ಊಟ, ಎರಡು ಹೊತ್ತು ಕುರುಕಲು, ರಾತ್ರಿ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಆಗಿರಲಿ. ಅಷ್ಟೆಲ್ಲ ಆದ ಮೇಲೂ ಕೊರತೆ ಇದೆಯೆಂದು ವೈದ್ಯರೋ ಆಹಾರ ತಜ್ಞರೋ ಹೇಳಿದರೆ, ನಿಷೇಧಿತ ವಸ್ತುಗಳಿಗಾಗಿ ಪ್ರತ್ಯೇಕವಾಗಿ ಪರೀಕ್ಷೆಯಾದ ಪುಡಿಯನ್ನು ನಾನೇ ನಿಮ್ಮ ಜೊತೆ ಕುಳಿತು ಹುಡುಕುತ್ತೇನೆ. ಅಷ್ಟು ಶಿಸ್ತಿನಿಂದ ಉಂಡವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಕೇಳುವುದನ್ನೇ ಬಿಟ್ಟಿರುತ್ತಾರೆ ಎಂಬುದು ನನ್ನ ಅನುಭವ. ವೈದ್ಯರು ಬರೆದುಕೊಟ್ಟ ಮಾತ್ರೆಯ ವಿಷಯ ಬೇರೆ. ಅದನ್ನು ನಿಲ್ಲಿಸಬೇಡಿ, ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ನನಗೆ ತಿಳಿಸಿ.

ಸೋಮವಾರದಿಂದ ಹೀಗೆ. ಮೈದಾನಕ್ಕೆ ಬರುವ ಮೊದಲು ಒಂದು ಬಾಳೆಹಣ್ಣು ಅಥವಾ ಅರ್ಧ ಲೋಟ ರಾಗಿ ಗಂಜಿ. ಅಷ್ಟು ಬೇಗ ತಿಂದರೆ ವಾಕರಿಕೆ ಬರುತ್ತದೆ ಎನ್ನುವವರು ಎರಡು ಖರ್ಜೂರದಿಂದ ಶುರು ಮಾಡಿ, ಹೊಟ್ಟೆಗೆ ವಾರದಲ್ಲಿ ರೂಢಿಯಾಗುತ್ತದೆ. ಅಭ್ಯಾಸವನ್ನು ನಾನು ಹದಿನೈದು ನಿಮಿಷ ಮೊದಲೇ ಮುಗಿಸುತ್ತೇನೆ, ಆ ಹೊತ್ತು ತಿಂಡಿಗೆ. ಡಬ್ಬಿಯಲ್ಲಿ ಇಡ್ಲಿಯೋ ಚಿತ್ರಾನ್ನವೋ ಉಪ್ಪಿಟ್ಟೋ ಏನಿದ್ದರೂ ಸರಿ, ಜೊತೆಗೆ ಒಂದು ಮೊಟ್ಟೆ ಅಥವಾ ಕಾಳು ಇರಲೇಬೇಕು. ಅಮ್ಮನನ್ನು ಐದು ಗಂಟೆಗೆ ಎಬ್ಬಿಸಬೇಡಿ. ಮೊಟ್ಟೆ ಬೇಯಿಸುವುದು, ರಾತ್ರಿ ಕಾಳು ನೆನೆಹಾಕುವುದು ನಿಮಗೇ ಬರಬೇಕು, ಹುಡುಗರಿಗೂ ಬರಬೇಕು. ಸಂಜೆ ಗೇಟಿನ ಬಳಿ ಗೋಬಿ ಮಂಚೂರಿ ತಿನ್ನಲೇಬೇಡಿ ಎಂದು ನಾನು ಹೇಳುವುದಿಲ್ಲ, ನಾನು ತಿನ್ನುವುದನ್ನು ನೀವು ನೋಡಿದ್ದೀರಿ. ಅದನ್ನೇ ಊಟವೆಂದು ಲೆಕ್ಕಕ್ಕೆ ಹಾಕಬೇಡಿ, ಅಷ್ಟೇ. ಮನೆಯಲ್ಲಿ ಮೊಟ್ಟೆಗೋ ಹಾಲಿಗೋ ಈ ತಿಂಗಳು ಕಷ್ಟವಿದ್ದರೆ ಎಲ್ಲರೆದುರು ಹೇಳಬೇಕಿಲ್ಲ, ನನ್ನನ್ನು ಒಬ್ಬರೇ ಬಂದು ಕಾಣಿ, ವ್ಯವಸ್ಥೆ ಮಾಡೋಣ.

ಅಭ್ಯಾಸದ ಪುಸ್ತಕದಲ್ಲಿ ಸಮಯ ಬರೆಯುವ ಸಾಲಿನ ಕೆಳಗೆ ಇನ್ನು ಮುಂದೆ ಏನು ತಿಂದಿರಿ, ಎಷ್ಟು ಹೊತ್ತು ಮಲಗಿದಿರಿ ಎಂದೂ ಬರೆಯಬೇಕು. ಶನಿವಾರ ನಾನು ನೋಡುತ್ತೇನೆ. ಸುಳ್ಳು ಬರೆದರೆ ಬುಧವಾರದ ಓಟದಲ್ಲೇ ನನಗೆ ಗೊತ್ತಾಗುತ್ತದೆ.

ಪ್ರಶ್ನೆಗಳಿದ್ದರೆ ತಿನ್ನುತ್ತಾ ಕೇಳಿ. ಬುಟ್ಟಿಯಲ್ಲಿ ಬಾಳೆಹಣ್ಣು ಇದೆ, ತಲೆಗೊಂದು. ಸಿಪ್ಪೆ ಟ್ರ್ಯಾಕಿನ ಮೇಲೆ ಬಿದ್ದರೆ ನೋಡಿ.