ರವಿವಾರದ ಐಇಎಲ್‌ಟಿಎಸ್ ಮಾತಿನ ಅಭ್ಯಾಸ: ಈ ವಾರದಿಂದ ಎಲ್ಲರೂ ಪಾಲಿಸಬೇಕಾದ ನಿಯಮಗಳು

ಆತ್ಮೀಯ ಸದಸ್ಯರಿಗೆ ನಮಸ್ಕಾರಗಳು.

ಟಿಳಕವಾಡಿಯಲ್ಲಿ ಪ್ರತಿ ರವಿವಾರ ಸಂಜೆ ನಾವು ಎಂಟು ಜನ ಸೇರುತ್ತಿದ್ದೇವೆ. ಆದರೆ ಮಾತು ಸರಾಗವಾಗಿ ಬರುವವರು ಅರ್ಧ ತಾಸು ಮಾತನಾಡುವುದು, ಅಳುಕುವವರು ನಾಲ್ಕು ವಾಕ್ಯ ಹೇಳಿ ಕುಳಿತುಬಿಡುವುದು ನಡೆದು ಬಂದಿದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೂ ಅಭ್ಯಾಸದ ಅಗತ್ಯ ಹೆಚ್ಚಿರುವವರಿಗೇ ಕಡಿಮೆ ಅವಕಾಶ ಸಿಗುತ್ತಿರುವುದು ನ್ಯಾಯವಲ್ಲ. ಆದ್ದರಿಂದ ಬರುವ ರವಿವಾರದಿಂದ, ಯಾರ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಪ್ರತಿಯೊಬ್ಬರಿಗೂ ಸಮನಾದ ಸಮಯ ಸಿಗಬೇಕೆಂದು ಕೆಳಗಿನ ಕ್ರಮವನ್ನು ಗೊತ್ತುಮಾಡಿದ್ದೇನೆ.

ನಿಜವಾದ ಪರೀಕ್ಷೆಯಲ್ಲಿ ಮಾತಿನ ಭಾಗ 11ರಿಂದ 14 ನಿಮಿಷಗಳಷ್ಟೇ ಇರುತ್ತದೆ. ನಮ್ಮ ಸರದಿಯೂ 14 ನಿಮಿಷಕ್ಕೆ ಮೀರಬಾರದು, ಅನಂತರ ಸಲಹೆಗೆ 5 ನಿಮಿಷ ಇರುತ್ತದೆ. ಎಂಟೂ ಜನ ಒಂದೇ ಕಡೆ ಕುಳಿತರೆ ಸಮಯ ಸಾಲದು. ನಾಲ್ಕು ಜನರ ಎರಡು ತಂಡಗಳಾಗಿ ಬೇರೆ ಬೇರೆ ಕೋಣೆಗಳಲ್ಲಿ ಕುಳಿತರೆ, ಸರಿಯಾಗಿ 4 ಗಂಟೆಗೆ ಆರಂಭಿಸಿ 5:30ರೊಳಗೆ ಎಲ್ಲರ ಸರದಿಯೂ ಮುಗಿಯುತ್ತದೆ, ಖಾನಾಪುರ ಮತ್ತು ಬೈಲಹೊಂಗಲದ ಬಸ್ ಹಿಡಿಯುವವರಿಗೂ ತೊಂದರೆಯಾಗುವುದಿಲ್ಲ. ಯಾರು ಯಾವ ತಂಡ, ಯಾರು ಮೊದಲು ಎಂಬುದನ್ನು ಪ್ರತಿ ವಾರ ಚೀಟಿ ಎತ್ತಿ ತೀರ್ಮಾನಿಸೋಣ. ನನ್ನ ಹೆಸರೂ ಅದೇ ಚೀಟಿಗಳಲ್ಲಿ ಇರುತ್ತದೆ.

ತಂಡದಲ್ಲಿ ಒಬ್ಬರು ಮಾತನಾಡುವಾಗ ಒಬ್ಬರು ಪರೀಕ್ಷಕರಾಗಿ ಪ್ರಶ್ನೆ ಕೇಳಬೇಕು, ಒಬ್ಬರು ಗಡಿಯಾರ ನೋಡಬೇಕು, ಇನ್ನೊಬ್ಬರು ಟಿಪ್ಪಣಿ ಬರೆಯಬೇಕು. ಸರದಿ ಬದಲಾದಂತೆ ಈ ಕೆಲಸಗಳೂ ಬದಲಾಗುತ್ತವೆ. ಎರಡನೆಯ ಭಾಗದ ಕಾರ್ಡ್ ಕೈಗೆ ಬಂದ ಮೇಲೆ ಸಿದ್ಧತೆಗೆ 1 ನಿಮಿಷ, ಮಾತಿಗೆ ಹೆಚ್ಚೆಂದರೆ 2 ನಿಮಿಷ. 2 ನಿಮಿಷವಾದ ಕೂಡಲೇ, ವಾಕ್ಯ ಅರ್ಧಕ್ಕೇ ಇದ್ದರೂ, ಗಡಿಯಾರ ನೋಡುವವರು ನಿಲ್ಲಿಸಬೇಕು. ಪರೀಕ್ಷೆಯಲ್ಲಿಯೂ ಹಾಗೆಯೇ ನಿಲ್ಲಿಸುತ್ತಾರೆ, ಅದಕ್ಕೆ ಅಂಕ ಹೋಗುವುದಿಲ್ಲ. ಮಾತನಾಡುವವರು ಒಂದು ಪದಕ್ಕೆ ತಡವರಿಸಿದಾಗ ಉಳಿದವರು ಆ ಪದವನ್ನು ಹೇಳಿಕೊಡಬಾರದು. ಸಹಾಯ ಮಾಡಬೇಕೆಂಬ ಮನಸ್ಸಿನಿಂದಲೇ ಹೇಳುತ್ತೇವೆ, ಆದರೆ ಪದ ನೆನಪಾಗದಿದ್ದಾಗ ಅದನ್ನು ಬಳಸದೆ ಬೇರೆ ರೀತಿಯಲ್ಲಿ ಹೇಳುವುದನ್ನು ಕಲಿಯುವ ಅವಕಾಶವನ್ನೇ ಅವರಿಂದ ಕಸಿದುಕೊಂಡಂತೆ ಆಗುತ್ತದೆ.

ಸಲಹೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಪರೀಕ್ಷಕರು ನಿರರ್ಗಳತೆ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧತೆ, ಉಚ್ಚಾರಣೆ ಎಂಬ ನಾಲ್ಕು ಅಂಶಗಳಿಗೆ ಸಮಾನ ತೂಕ ಕೊಡುತ್ತಾರೆ. ಹಾಗಿರುವಾಗ ನಾವು ವ್ಯಾಕರಣದ ತಪ್ಪುಗಳನ್ನಷ್ಟೇ ಎಣಿಸುವುದು ಸರಿಯಲ್ಲ. ಟಿಪ್ಪಣಿ ಬರೆದವರು ಚೆನ್ನಾಗಿ ಬಂದ ಎರಡು ಸಂಗತಿಗಳನ್ನೂ ತಿದ್ದಿಕೊಳ್ಳಬೇಕಾದ ಎರಡು ಸಂಗತಿಗಳನ್ನೂ, ಆಡಿದ ವಾಕ್ಯವನ್ನೇ ಉದಾಹರಿಸಿ ಹೇಳಬೇಕು. ಬ್ಯಾಂಡ್ ಅಂಕವನ್ನು ಯಾರೂ ಹೇಳಕೂಡದು. ಅದನ್ನು ಅಳೆಯುವ ತರಬೇತಿ ನಮ್ಮಲ್ಲಿ ಯಾರಿಗೂ ಇಲ್ಲ. ಸ್ಪೀಡ್, ಸ್ಟೇಶನ್ ಎನ್ನುವಾಗ ಮೊದಲಿಗೆ ‘ಇ’ಕಾರ ಸೇರಿದರೆ ಅದನ್ನು ತಿಳಿಸಿ, ಆದರೆ ಯಾರ ಮಾತಿನ ಧಾಟಿಯನ್ನೂ ಅಣಕಿಸಬೇಡಿ. ಕೇಳುವವರಿಗೆ ಸುಲಭವಾಗಿ ಅರ್ಥವಾಗುತ್ತದೆಯೇ ಎಂಬುದು ಮುಖ್ಯ. ಕನ್ನಡದ ಅಥವಾ ಮರಾಠಿಯ ಛಾಯೆ ಇರುವುದೇ ದೋಷವಲ್ಲ. ಸರದಿಯ 14 ನಿಮಿಷಗಳಲ್ಲಿ ಇಂಗ್ಲಿಷ್ ಮಾತ್ರ ಇರಲಿ, ಸಲಹೆಯನ್ನು ಮಾತ್ರ ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಹೇಳಬಹುದು, ಏಕೆಂದರೆ ತಪ್ಪು ಪೂರ್ತಿ ತಿಳಿದರೆ ಮಾತ್ರ ಅದನ್ನು ತಿದ್ದಿಕೊಳ್ಳಲು ಸಾಧ್ಯ.

ಬಾಯಿಪಾಠ ಮಾಡಿದ ಉತ್ತರಗಳನ್ನು ತರಬೇಡಿ. ಪ್ರಶ್ನೆಯ ಕಾರ್ಡ್‌ಗಳನ್ನು ಪರೀಕ್ಷಕರಾಗುವವರು ಮುಂಚಿತವಾಗಿ ಯಾರಿಗೂ ತೋರಿಸಬಾರದು. ಧ್ವನಿಮುದ್ರಣ ಬೇಕಾದರೆ ಮಾತನಾಡುವವರ ಸ್ವಂತ ಮೊಬೈಲ್‌ನಲ್ಲಿ ಮಾತ್ರ ಮಾಡಬೇಕು.

ನಮ್ಮಲ್ಲಿ ಆಸ್ಪತ್ರೆಯ ರಾತ್ರಿ ಪಾಳಿ ಮಾಡುವ ನರ್ಸ್‌ಗಳಿದ್ದಾರೆ. ಅವರಿಗೂ ಉಳಿದವರಿಗೂ ಒಂದೇ ಅಳತೆ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಪಾಳಿಯ ಕಾರಣ ಬರಲಾಗದವರು ಶುಕ್ರವಾರ ರಾತ್ರಿಯೊಳಗೆ ತಿಳಿಸಿದರೆ, ತಪ್ಪಿದ ಸರದಿಯನ್ನು ಮುಂದಿನ ವಾರ 5:30ರ ಅನಂತರ ಹೆಚ್ಚುವರಿಯಾಗಿ ಪಡೆಯಬಹುದು. ಪಾಳಿ ಕೊನೆಯ ಗಳಿಗೆಯಲ್ಲಿ ಬದಲಾದರೆ ರವಿವಾರ ಬೆಳಿಗ್ಗೆ ತಿಳಿಸಿದರೂ ಸಾಕು. ತಿಳಿಸದೆ ಗೈರುಹಾಜರಾದವರಿಗೆ ಆ ಸರದಿ ಮರಳಿ ಸಿಗುವುದಿಲ್ಲ. ಎರಡು ವಾರದೊಳಗೆ ಪರೀಕ್ಷೆ ಇರುವವರಿಗೂ ಆ ಹೆಚ್ಚುವರಿ ಸಮಯದಲ್ಲಿ ಒಂದು ಸರದಿ ಕೊಡುತ್ತೇವೆ, ಆದರೆ ಇತರರ ಸಮಯವನ್ನು ಕಡಿತ ಮಾಡಿ ಕೊಡುವುದಿಲ್ಲ.

ಈ ಕ್ರಮವನ್ನು ನಾಲ್ಕು ವಾರ ನಡೆಸಿ ನೋಡೋಣ. ಯಾವುದಾದರೂ ನಿಯಮ ನಿಮಗೆ ಅನ್ಯಾಯವೆನಿಸಿದರೆ ಗುರುವಾರದೊಳಗೆ ನನಗೆ ನೇರವಾಗಿ ತಿಳಿಸಿರಿ. ಎಲ್ಲರ ಎದುರು ಹೇಳಲು ಸಂಕೋಚವಿದ್ದರೆ ಹೆಸರು ಹೇಳದೆ ನಾನೇ ಚರ್ಚೆಗೆ ಇಡುತ್ತೇನೆ. ರವಿವಾರ ಬರುವಾಗ ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ಹಾಗೂ ಎರಡನೆಯ ಭಾಗಕ್ಕೆ ತಾವೇ ಬರೆದ ಒಂದು ಪ್ರಶ್ನೆಯ ಕಾರ್ಡ್ ತರಬೇಕು.

ಇಂತಿ,
ಗುಂಪಿನ ಸಂಚಾಲಕಿ